ಉಜ್ಜುವ ಮೆಷಿನ್, ಬೀಳಿಸುವ ಮೆಷಿನ್

ನಮ್ಮ ಮನೆಯಲ್ಲಿ 11 ವರ್ಷ ಟಾಪ್ ಲೋಡ್ ಮೆಷಿನ್ ಇತ್ತು. ಅದು ಕೈಕೊಟ್ಟ ಮೇಲೆ ಫ್ರಂಟ್ ಲೋಡ್ ತಂದೆವು. ಫ್ರಂಟ್ ಲೋಡ್ ಬಟ್ಟೆಗೆ ಮೃದು ಎಂದು ಕೇಳಿದ್ದೆ. ಆರು ತಿಂಗಳಾಗುವಷ್ಟರಲ್ಲಿ ನನ್ನ ಕಪ್ಪು ಟೀ ಶರ್ಟುಗಳ ಕಾಲರ್ ಮಡಿಕೆ ಬೆಳ್ಳಗಾಯಿತು, ಮಗನ ಶರ್ಟುಗಳ ಮೇಲೆ ಸಣ್ಣ ಸಣ್ಣ ನೂಲಿನ ಉಂಡೆಗಳೆದ್ದವು. ಮೆಷಿನ್ನೇ ಸರಿಯಿಲ್ಲ ಎಂದು ಮೆಕ್ಯಾನಿಕ್‌ನನ್ನು ಕರೆಸಿದೆ. ಆತ ಬಾಗಿಲ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಐದು ನಿಮಿಷ ಒಳಗೆ ನೋಡಿದ. "ಮೇಡಂ, ಬಟ್ಟೆ ಬೀಳ್ತಾನೇ ಇಲ್ಲ, ಬರೀ ಸುತ್ತುತಾ ಇದೆ" ಅಂದ. ಬೀಳುವುದಕ್ಕೂ ಬಟ್ಟೆ ಸವೆಯುವುದಕ್ಕೂ ಏನು ಸಂಬಂಧ ಎಂದು ಆಗ ನನಗೆ ಹೊಳೆಯಲಿಲ್ಲ.

ಟಾಪ್ ಲೋಡ್‌ನಲ್ಲಿ ಬಟ್ಟೆ ನೀರಿನಲ್ಲಿ ತೇಲುತ್ತಿರುತ್ತದೆ. ತಳದ ಚಕ್ರವೋ ನಡುವಿನ ಕಂಬವೋ ಅತ್ತಿತ್ತ ತಿರುಗಿ ನೀರನ್ನೂ ಬಟ್ಟೆಯನ್ನೂ ಕಲಕುತ್ತದೆ. ಅಲ್ಲಿ ಕೊಳೆ ಬಿಡುವುದು ಬಟ್ಟೆ ಬಟ್ಟೆಗೆ ಉಜ್ಜಿ, ಬಟ್ಟೆ ಸವೆಯುವುದೂ ಅದರಿಂದಲೇ. ಫ್ರಂಟ್ ಲೋಡ್‌ನಲ್ಲಿ ನೀರು ತಳದಲ್ಲಿ ಸ್ವಲ್ಪವೇ ಇರುತ್ತದೆ. ಡ್ರಮ್ಮಿನ ಒಳಗಿನ ಉಬ್ಬುಗಳು ಒದ್ದೆ ಬಟ್ಟೆಯನ್ನು ಮೇಲಕ್ಕೆ ಎತ್ತಿಕೊಂಡು ಹೋಗಿ ಕೆಳಕ್ಕೆ ಹಾಕುತ್ತವೆ. ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಹಾಗೆಯೇ, ಆದರೆ ಮೆಲ್ಲಗೆ. ಒಂದು ಉಜ್ಜುವ ಮೆಷಿನ್, ಇನ್ನೊಂದು ಬೀಳಿಸುವ ಮೆಷಿನ್. ನಾನು ಹಳೆಯದಕ್ಕೆ ತುಂಬಿಸುತ್ತಿದ್ದ ರೀತಿಯಲ್ಲೇ ಹೊಸದಕ್ಕೂ ತುಂಬಿಸುತ್ತಿದ್ದೆ. ತಪ್ಪಾಗಿದ್ದೇ ಅಲ್ಲಿ.

ಡ್ರಮ್ಮಿನ ಬಾಯಿಯವರೆಗೂ ಒತ್ತಿ ತುಂಬಿದರೆ ಬಟ್ಟೆಗೆ ಬೀಳಲು ಜಾಗವಿರುವುದಿಲ್ಲ. ಇಡೀ ರಾಶಿ ಒಂದು ಮುದ್ದೆಯಾಗಿ ತಿರುಗುತ್ತದೆ. ಹೊರಗಿನ ಬಟ್ಟೆಗಳು ಬಾಗಿಲ ಗಾಜಿಗೆ, ಅದರ ಸುತ್ತಲಿನ ರಬ್ಬರಿಗೆ ಗಂಟೆಗಟ್ಟಲೆ ತಿಕ್ಕುತ್ತವೆ, ನಡುವಿನವು ಸರಿಯಾಗಿ ನೆನೆಯುವುದೂ ಇಲ್ಲ. ನನ್ನ ಕಾಲರುಗಳು ಬೆಳ್ಳಗಾದದ್ದು ಹೀಗೆ. ಆದರೆ ತೀರಾ ಕಡಿಮೆ ಹಾಕಿದರೂ ಒಳ್ಳೆಯದಲ್ಲ. ಎರಡೇ ಶರ್ಟ್ ಇದ್ದರೆ ಅವು ಪ್ರತಿ ಸಲವೂ ಮೇಲಿನಿಂದ ತಳದ ಉಕ್ಕಿನವರೆಗೂ ಬೀಳುತ್ತವೆ. ರಾಶಿ ಇದ್ದರೆ ರಾಶಿಯ ಮೇಲೆ ಬೀಳುತ್ತವೆ, ಪೆಟ್ಟು ಕಡಿಮೆ.

ಕಾಟನ್ ಸೈಕಲ್‌ಗೆ ನನ್ನ ಅಳತೆ ಅಂಗೈ. ಬಟ್ಟೆ ಹಾಕಿದ ಮೇಲೆ ರಾಶಿಗೂ ಡ್ರಮ್ಮಿನ ಚಾವಣಿಗೂ ನಡುವೆ ಕೈಯನ್ನು ನೆಟ್ಟಗೆ ನಿಲ್ಲಿಸಿ ತೂರಿಸುತ್ತೇನೆ. ಆರಾಮಾಗಿ ಹೋಗಬೇಕು. ಸಿಂಥೆಟಿಕ್ ಸೈಕಲ್‌ಗೆ ಡ್ರಮ್ ಅರ್ಧ ತುಂಬಿದರೆ ಸಾಕು, ಡೆಲಿಕೇಟ್‌ಗೆ ಮೂರರಲ್ಲಿ ಒಂದು ಪಾಲು. ಮೆಷಿನ್ ಮೇಲೆ 7 ಕಿಲೋ ಎಂದು ಬರೆದಿರುವುದು ಕಾಟನ್ ಸೈಕಲ್‌ಗೆ ಮಾತ್ರ. ಉಳಿದವುಗಳ ಮಿತಿ ಕೈಪಿಡಿಯ ಒಂದು ಪುಟ್ಟ ಪಟ್ಟಿಯಲ್ಲಿ ಇರುತ್ತದೆ. ನಾನು ಅದನ್ನು ಓದಿದ್ದು ಮೆಕ್ಯಾನಿಕ್ ಬಂದು ಹೋದ ಮೇಲೆ.

ಆಮೇಲೆ ಒಂದು ವಾರದ ಬಟ್ಟೆಯನ್ನು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿ ನೋಡಿದೆ. ಐದು ಟೀ ಶರ್ಟ್ 900 ಗ್ರಾಂ, ನಾಲ್ಕು ಶರ್ಟ್ 900 ಗ್ರಾಂ, ಎರಡು ಜೀನ್ಸ್ 1400 ಗ್ರಾಂ, ಎರಡು ದೊಡ್ಡ ಟವೆಲ್ 1200 ಗ್ರಾಂ. ಒಟ್ಟು 4.4 ಕಿಲೋ. 7 ಕಿಲೋ ಮೆಷಿನ್‌ಗೆ ಇದು ಏನೂ ಅಲ್ಲ ಎನಿಸುತ್ತದೆ. ಹಿಂದೆ ಇದನ್ನೆಲ್ಲ ಒಟ್ಟಿಗೆ ತುರುಕಿ, ಜಾಗ ಉಳಿದರೆ ದಿಂಬಿನ ಕವರುಗಳನ್ನೂ ಸೇರಿಸಿ, ಕಾಟನ್ ಸೈಕಲ್, 60 ಡಿಗ್ರಿ, ನಿಮಿಷಕ್ಕೆ 1200 ಸುತ್ತಿನ ಸ್ಪಿನ್ ಇಟ್ಟು ಹೋಗಿಬಿಡುತ್ತಿದ್ದೆ. ಎರಡೂವರೆ ಗಂಟೆ ಓಡುತ್ತಿತ್ತು. ಆ ಎರಡೂವರೆ ಗಂಟೆಯೂ ನೀರು ಕುಡಿದು ಭಾರವಾದ ಜೀನ್ಸ್ ತನ್ನ ಜಿಪ್ಪು, ಲೋಹದ ಗುಂಡಿಗಳ ಸಮೇತ ತೆಳು ಟೀ ಶರ್ಟುಗಳಿಗೆ ತಿಕ್ಕುತ್ತಿತ್ತು. ಟವೆಲ್‌ನಿಂದ ಉದುರಿದ ಜುಂಗು ಕಪ್ಪು ಬಟ್ಟೆಗೆ ಅಂಟುತ್ತಿತ್ತು.

ಈಗ ಬಣ್ಣಕ್ಕಿಂತ ಮೊದಲು ತೂಕ ನೋಡಿ ವಿಂಗಡಿಸುತ್ತೇನೆ. ಟೀ ಶರ್ಟ್, ಶರ್ಟ್ ಸೇರಿ 1.8 ಕಿಲೋ ಅಷ್ಟೇ, ಅರ್ಧ ಡ್ರಮ್ ಕೂಡ ಆಗುವುದಿಲ್ಲ. ಹಾಗಾಗಿ ಇನ್ನೆರಡು ಮೂರು ದಿನ ಕಾದು, 3 ಕಿಲೋ ಹತ್ತಿರ ಬಂದಾಗ ಸಿಂಥೆಟಿಕ್ ಸೈಕಲ್, 30 ಡಿಗ್ರಿ, 800ರ ಸ್ಪಿನ್‌ನಲ್ಲಿ ಹಾಕುತ್ತೇನೆ. ಹತ್ತಿ ಟೀ ಶರ್ಟಿಗೆ ಸಿಂಥೆಟಿಕ್ ಯಾಕೆ ಎಂದು ಮಗ ಕೇಳಿದ. ಆ ಹೆಸರು ನೂಲಿನದಲ್ಲ, ಡ್ರಮ್ಮಿನ ನಡೆಯದು ಎಂದುಕೊಂಡರೆ ಗೊಂದಲವಿಲ್ಲ: ಸಮಯ ಕಡಿಮೆ, ತಿರುಗಾಟ ಕಡಿಮೆ, ಸ್ಪಿನ್ ನಿಧಾನ. ಬೆವರಿನ ಬಟ್ಟೆಗೆ ಅಷ್ಟು ಸಾಕು. ಜೀನ್ಸ್ ಬೇರೆ ದಪ್ಪ ಪ್ಯಾಂಟುಗಳ ಜೊತೆಗೆ, ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ. ಜಿಪ್ ಹಾಕಿರಬೇಕು, ಗುಂಡಿ ಬಿಚ್ಚಿರಬೇಕು. ಶರ್ಟಿಗೂ ಅಷ್ಟೇ, ಗುಂಡಿ ಹಾಕಿ ಒಗೆದರೆ ಎಳೆತವೆಲ್ಲ ಗುಂಡಿಯ ತೂತಿಗೆ ಬೀಳುತ್ತದೆ. 60 ಡಿಗ್ರಿ, ಕಾಟನ್, ಪೂರ್ತಿ ಸ್ಪಿನ್ ಈಗ ಟವೆಲ್ ಮತ್ತು ಹಾಸಿಗೆ ಬಟ್ಟೆಗೆ ಮಾತ್ರ.

ಸ್ಪಿನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾನು ಬಹಳ ದಿನ ಅದನ್ನು ನೀರು ಹಿಂಡುವ ಕೆಲಸ ಎಂದಷ್ಟೇ ತಿಳಿದಿದ್ದೆ. ಬಟ್ಟೆಯನ್ನು ಡ್ರಮ್ಮಿನ ಗೋಡೆಗೆ ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸ್ಪಿನ್ 600ರಿಂದ 1200ಕ್ಕೆ ಹೋದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. ಅರ್ಧ ಮೀಟರ್ ಅಗಲದ ಡ್ರಮ್ಮಿನಲ್ಲಿ 1200 ಸುತ್ತಿಗೆ ಬಟ್ಟೆ ತನ್ನ ತೂಕದ ಸುಮಾರು 400 ಪಟ್ಟು ಬಲದಲ್ಲಿ ಗೋಡೆಗೆ ಒತ್ತಿಕೊಳ್ಳುತ್ತದೆ. ದಪ್ಪ ಟವೆಲ್ ಅದನ್ನು ತಡೆಯುತ್ತದೆ. ರೇಯಾನ್ ಬಟ್ಟೆಗೆ ಅದು ಕಷ್ಟ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ರೇಯಾನ್ ತನ್ನ ಗಟ್ಟಿತನದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತದೆ. ಹೀಗಾಗಿ ಮುಟ್ಟಿದರೆ ನುಣ್ಣಗೆ ಜಾರುವ ರೇಯಾನ್ ಕುರ್ತಾವನ್ನು ಜಾಲರಿ ಚೀಲದಲ್ಲಿ ಹಾಕಿ, ಡೆಲಿಕೇಟ್ ಸೈಕಲ್‌ನಲ್ಲಿ 400 ಅಥವಾ 600ಕ್ಕೆ ನಿಲ್ಲಿಸುತ್ತೇನೆ. ಒಣಗಲು ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಕ್ವಿಕ್ ಸೈಕಲ್ ನನ್ನನ್ನು ಚೆನ್ನಾಗಿ ಏಮಾರಿಸಿತ್ತು. ಬೇಗ ಮುಗಿಯುತ್ತದೆ, ಹಾಗಾಗಿ ಮೃದು ಎಂದುಕೊಂಡಿದ್ದೆ. ಅದು ಒಂದೆರಡು ಕಿಲೋ ಬಟ್ಟೆಗೆ ಮಾಡಿದ ಸೈಕಲ್. ನಮ್ಮ ಮೆಷಿನ್‌ನಲ್ಲಿ ಸ್ಪಿನ್ ತಾನಾಗಿಯೇ 1000ಕ್ಕೆ ಕೂರುತ್ತದೆ. ಕೈಯಿಂದ ಇಳಿಸಿ, ಕಡಿಮೆ ಬಟ್ಟೆ ಹಾಕಿದರೆ ಮಾತ್ರ ಅದು ನಿಜಕ್ಕೂ ಕಡಿಮೆ ಸವೆಸುತ್ತದೆ.

ಇನ್ನು ಟಾಪ್ ಲೋಡ್. ಅಕ್ಕನ ಮನೆಯಲ್ಲಿ ಈಗಲೂ ತಳದಲ್ಲಿ ಚಕ್ರವಿರುವ ಮೆಷಿನ್ ಇದೆ, ಅಲ್ಲಿಗೆ ಹೋದಾಗಲೆಲ್ಲ ಒಗೆಯುವ ಕೆಲಸ ನನಗೇ. ಅಲ್ಲಿ ಅಂಗೈ ಅಳತೆ ಕೆಲಸಕ್ಕೆ ಬರುವುದಿಲ್ಲ, ನೋಡಬೇಕಾದದ್ದು ನೀರು. ಆ ಮೆಷಿನ್ ಒಣ ಬಟ್ಟೆಯನ್ನು ಮೊದಲು ಒಂದೆರಡು ಸುತ್ತು ಆಡಿಸಿ ಭಾರ ಅಂದಾಜು ಮಾಡಿ ನೀರಿನ ಮಟ್ಟ ಗೊತ್ತುಮಾಡುತ್ತದೆ. ಹಗುರವಾದರೂ ತುಂಬಾ ಜಾಗ ಹಿಡಿಯುವ ಪಾಲಿಯೆಸ್ಟರ್ ಬಟ್ಟೆ ಹಾಕಿದರೆ ಅಂದಾಜು ಕಡಿಮೆಯಾಗುತ್ತದೆ, ನೀರೂ ಕಡಿಮೆ ಬರುತ್ತದೆ. ಆಗ ಬಟ್ಟೆ ತೇಲದೆ ಚಕ್ರದ ಮೇಲೆ ಕೂತು ತಿಕ್ಕಿಸಿಕೊಳ್ಳುತ್ತದೆ. ಮೊದಲೇ ಒದ್ದೆಯಾದ ಬಟ್ಟೆ ಹಾಕಿದರೆ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ.

ನೀರು ಸರಿಯಿದೆಯೇ ಎಂದು ತಿಳಿಯಲು ನನ್ನದೊಂದು ಉಪಾಯವಿದೆ. ಬಣ್ಣ ಬಿಡದ ಒಂದು ಹಳದಿ ಕರ್ಚೀಫನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಶುರು ಮಾಡುತ್ತೇನೆ, ಗಾಜಿನ ಮುಚ್ಚಳದಿಂದ ನೋಡುತ್ತೇನೆ. ಐದಾರು ನಿಮಿಷದಲ್ಲಿ ಅದು ಒಳಗೆ ಹೋಗಿ ಮತ್ತೆ ಎಲ್ಲೋ ಮೇಲೆ ಬಂದರೆ ಬಟ್ಟೆ ಸಲೀಸಾಗಿ ತಿರುವಿಕೊಳ್ಳುತ್ತಿದೆ ಎಂದರ್ಥ. ಇಟ್ಟಲ್ಲೇ ಅಲ್ಲಾಡುತ್ತಾ ಕೂತಿದ್ದರೆ ನಿಲ್ಲಿಸಿ, ನೀರಿನ ಮಟ್ಟವನ್ನು ಒಂದು ಹಂತ ಏರಿಸುತ್ತೇನೆ, ಇಲ್ಲವೇ ಮೂರು ನಾಲ್ಕು ಬಟ್ಟೆ ತೆಗೆಯುತ್ತೇನೆ. "ನೀರು ದಂಡ ಮಾಡ್ತೀಯ ಕಣೇ" ಎಂದು ಅಕ್ಕ ಗೊಣಗುವುದುಂಟು. ಒಗೆತ ಮುಗಿದ ಮೇಲೆ ಒಳಗಿನ ಜಾಲರಿ ಚೀಲ ಬಿಚ್ಚಿ ಅವಳಿಗೆ ತೋರಿಸಿದೆ. ಅಲ್ಲಿ ಸಿಕ್ಕಿಕೊಂಡ ಜುಂಗು ಬಟ್ಟೆಯಿಂದಲೇ ಕಿತ್ತು ಬಂದದ್ದು. ಸುಮಾರು ಅದೇ ಬಟ್ಟೆಗಳನ್ನು ಮುಂದಿನ ವಾರ ಹೆಚ್ಚು ನೀರಿನಲ್ಲಿ ಒಗೆದಾಗ ಬಂದ ಜುಂಗು ಕಣ್ಣಿಗೆ ಕಾಣುವಷ್ಟು ಕಡಿಮೆಯಿತ್ತು. ಆಮೇಲೆ ಗೊಣಗಲಿಲ್ಲ.

ಟಾಪ್ ಲೋಡ್‌ಗೆ ಬಟ್ಟೆಯನ್ನು ಒಂದೊಂದಾಗಿ ಸಡಿಲವಾಗಿ ಬಿಡಬೇಕು. ನಡುವೆ ಕಂಬವಿರುವ ಮೆಷಿನ್‌ನಲ್ಲಂತೂ ಚಾದರವನ್ನು ಕಂಬಕ್ಕೆ ಸುತ್ತಿ ಇಡಲೇಬಾರದು, ಒಂದು ತುದಿ ಎಳೆಯುತ್ತಾ ಇನ್ನೊಂದು ತುದಿ ಸಿಕ್ಕಿಕೊಂಡು ಹೊಲಿಗೆ ಬಿಚ್ಚುತ್ತದೆ. ಟಾಪ್ ಲೋಡ್‌ನ ಒಂದು ಅನುಕೂಲವೆಂದರೆ ಒಗೆಯುವ ನಿಮಿಷಗಳನ್ನು ನಾವೇ ಇಳಿಸಬಹುದು. ಅಕ್ಕನ ಮೆಷಿನ್ ತಾನಾಗಿ 12 ನಿಮಿಷ ಇಡುತ್ತದೆ. ನಾನು 20 ನಿಮಿಷ ನೆನೆಹಾಕಿ, ಒಗೆತವನ್ನು 6 ನಿಮಿಷಕ್ಕೆ ಇಳಿಸುತ್ತೇನೆ. ನೆನೆಯುವಾಗ ಸೋಪು ಕೆಲಸ ಮಾಡುತ್ತಿರುತ್ತದೆ, ಬಟ್ಟೆ ಉಜ್ಜಿಸಿಕೊಳ್ಳುತ್ತಿರುವುದಿಲ್ಲ. ಬಣ್ಣ ಬಿಡುವ ಬಟ್ಟೆಗೆ ಮಾತ್ರ ಇದು ಬೇಡ.

ಇಷ್ಟಾದ ಮೇಲೂ ನನ್ನ ಟೀ ಶರ್ಟುಗಳಲ್ಲಿ ಹೊಕ್ಕುಳಿನ ಕೆಳಗೆ ಸಾಸಿವೆ ಗಾತ್ರದ ತೂತುಗಳು ಬೀಳುವುದು ನಿಲ್ಲಲಿಲ್ಲ. ಡ್ರಮ್ಮಿನಲ್ಲಿ ಎಲ್ಲೋ ಚೂಪು ಇರಬೇಕೆಂದು ಮೆಷಿನ್ ಪ್ಲಗ್ ತೆಗೆದು, ಹತ್ತಿಯ ಉಂಡೆಯೊಂದನ್ನು ಒಳಗೋಡೆಯ ಮೇಲೆಲ್ಲ ಸವರಿದೆ. ಚೂಪಿದ್ದರೆ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ರಬ್ಬರಿನ ಮಡಿಕೆಯೊಳಗೆ ಬೆರಳಾಡಿಸಿದೆ, ಒಂದು ಹೇರ್‌ಪಿನ್ ಸಿಕ್ಕಿತು, ಅಷ್ಟೇ. ಆಮೇಲೆ ಹಾಳಾದ ಏಳು ಟೀ ಶರ್ಟುಗಳನ್ನು ಸಾಲಾಗಿ ಹಾಸಿ ನೋಡಿದೆ. ಮೆಷಿನ್ ಹರಿದಿದ್ದರೆ ತೂತು ಬೆನ್ನಿಗೋ ತೋಳಿಗೋ ಎಲ್ಲೆಂದರಲ್ಲಿ ಇರಬೇಕಿತ್ತು. ಏಳರಲ್ಲೂ ಒಂದೇ ಜಾಗ, ಜೀನ್ಸಿನ ಲೋಹದ ಗುಂಡಿಯ ನೇರಕ್ಕೆ. ದಿನಾ ಪಾತ್ರೆ ತೊಳೆಯುವಾಗ ನಾನು ಕಟ್ಟೆಗೆ ಒರಗಿ ನಿಲ್ಲುತ್ತೇನೆ. ಕಟ್ಟೆಯ ಅಂಚಿಗೂ ಗುಂಡಿಗೂ ನಡುವೆ ಸಿಕ್ಕಿ ಬಟ್ಟೆ ಅಲ್ಲೇ ತೆಳುವಾಗುತ್ತಿತ್ತು. ಮೆಷಿನ್ ಆ ತೆಳುವಾದ ಜಾಗವನ್ನು ಬಾಯಿಬಿಡಿಸುತ್ತಿತ್ತು, ಅಷ್ಟೇ. ಈಗ ಪಾತ್ರೆ ತೊಳೆಯುವಾಗ ಏಪ್ರನ್ ಕಟ್ಟಿಕೊಳ್ಳುತ್ತೇನೆ.