ನಾಲ್ಕು ಕಡ್ಡಿ ಸಿಗ್ನಲ್ಲು, ಆದರೂ ಮಾತು ಕಡಿಯುತ್ತಿತ್ತು

ಶಿರಸಿ ಕಡೆಯ ನಮ್ಮ ಮನೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಮನೆಯಿಂದಲೇ ಆಫೀಸ್ ಕೆಲಸ ಶುರುವಾದ ಮೇಲೆ ನಾನು ಲ್ಯಾಪ್‌ಟಾಪ್ ಹಿಡಿದು ತೋಟದ ಮೇಲಿನ ಧರೆ ಹತ್ತುತ್ತಿದ್ದೆ. ಅಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಬರುತ್ತಿತ್ತು. ಆದರೆ ಮೀಟಿಂಗ್ ನಡುವೆ ನನ್ನ ಮಾತು ಕಡಿದು ಕಡಿದು ಹೋಗುತ್ತಿತ್ತು. ಮೊಬೈಲೇ ಹಾಳಾಗಿದೆ ಎಂದುಕೊಂಡು ಇನ್ನೊಂದನ್ನು ಕೊಳ್ಳುವವನಿದ್ದೆ.

ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಎಷ್ಟಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನ್ ತಯಾರಿಸಿದವರ ಇಷ್ಟ. ನಿಜವಾದ ಅಳತೆ ಡಿಬಿಎಂ, ಅಂದರೆ ಒಂದು ಮಿಲಿವಾಟ್‌ಗೆ ಹೋಲಿಸಿದರೆ ಫೋನಿಗೆ ಮುಟ್ಟಿದ ಶಕ್ತಿ ಎಷ್ಟು ಎಂಬ ಲೆಕ್ಕ. ಮುಟ್ಟುವುದು ಮಿಲಿವಾಟ್‌ನ ಅತಿ ಸಣ್ಣ ಪಾಲು, ಹಾಗಾಗಿ ಅಂಕಿ ಯಾವಾಗಲೂ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಹತ್ತು ಅಂಕಿ ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ಮೂರು ಇಳಿದರೆ ಸುಮಾರು ಅರ್ಧ. 4ಜಿಯಲ್ಲಿ -90ರ ಆಸುಪಾಸು ಇದ್ದರೆ ಚಿಂತೆಯಿಲ್ಲ. -110 ದಾಟಿದರೆ ಒದ್ದಾಟ ಶುರು, -120ಕ್ಕೆ ಟವರ್ ಹೋಯಿತೆಂದೇ ಲೆಕ್ಕ. ಹಳೆಯ 2ಜಿ ಅಂಕಿಗೆ ಇದನ್ನು ಹೋಲಿಸಬೇಡಿ, ಅಲ್ಲಿ ಅಳೆಯುವ ರೀತಿಯೇ ಬೇರೆ.

ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಕರೆ ಮಾಡುವ ಜಾಗದಲ್ಲಿ ಇದನ್ನು ಒತ್ತಿದೆ:

```
*#*#4636#*#*
```

ಐಫೋನ್ ಆದರೆ `*3001#12345#*` ಒತ್ತಿ ಕರೆ ಬಟನ್ ಮುಟ್ಟಬೇಕು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಈ ಕೋಡ್ ನಡೆಯುವುದಿಲ್ಲ. ಅಂಥವರು ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರದೊಳಗೆ ಸಿಮ್ ಸ್ಥಿತಿಯನ್ನು ನೋಡಬಹುದು, ಡಿಬಿಎಂ ಅಷ್ಟಾದರೂ ಸಿಗುತ್ತದೆ. ನನಗೆ ತೆರೆದ ಪುಟದಲ್ಲಿ `-96 dBm 44 asu` ಎಂದಿತ್ತು. ಎರಡನೆಯದೂ ಅದೇ ಅಳತೆ, 4ಜಿಯಲ್ಲಿ ಡಿಬಿಎಂಗೆ 140 ಕೂಡಿಸಿದರೆ ಬರುವ ಸಂಖ್ಯೆ. ಅದೇ ಪುಟದಲ್ಲಿ ನೆಟ್‌ವರ್ಕ್ ಬಗೆಯನ್ನು ಬದಲಿಸುವ ಆಯ್ಕೆಯೂ ಇರುತ್ತದೆ. ಗೊತ್ತಿಲ್ಲದೆ ಅದನ್ನು ಮುಟ್ಟಿ ಒಂದು ಮಧ್ಯಾಹ್ನ ಪೂರ್ತಿ ಕರೆಯೇ ಬರದಂತೆ ಮಾಡಿಕೊಂಡಿದ್ದೆ!

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಮನೆಯೆಲ್ಲ ಸುತ್ತಿದೆ. ಪ್ರತಿ ಜಾಗದಲ್ಲೂ ಫೋನನ್ನು ಸ್ಟೂಲಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಅಂಕಿ ಬರೆದುಕೊಂಡೆ. ಕೈಯಲ್ಲಿ ಹಿಡಿದರೆ ಮೈಯೇ ಅಡ್ಡವಾಗುತ್ತದೆ. ಎರಡು ಹೆಜ್ಜೆ ಸರಿದರೂ ಐದಾರು ಅಂಕಿ ಆಚೀಚೆ ಆಗುತ್ತದೆ, ಹಾಗಾಗಿ ಒಂದೇ ಸಲ ನೋಡಿ ತೀರ್ಮಾನಿಸುವಂತಿಲ್ಲ. ಅಡುಗೆಮನೆಯಲ್ಲಿ -121, ಜಗಲಿಯಲ್ಲಿ -114, ಅಟ್ಟದ ಪಡುವಣ ಕಿಟಕಿಯಲ್ಲಿ -105, ಧರೆಯ ಮೇಲೆ -96. ಅಂದರೆ ಅಟ್ಟಕ್ಕೆ ಬರುವುದು ಧರೆಗೆ ಬರುವುದರ ಎಂಟರಲ್ಲಿ ಒಂದು ಪಾಲು. ಆದರೂ ಅಟ್ಟದಿಂದ ಮಾಡಿದ ವಿಡಿಯೋ ಕರೆ ಒಮ್ಮೆಯೂ ನಿಲ್ಲಲಿಲ್ಲ.

"ಮೇಲೆ ನಾಲ್ಕು ಕಡ್ಡಿ ಬರ್ತದೆ, ಇಲ್ಲಿ ಎರಡೇ. ಇಲ್ಲಿ ಹೇಗೋ ಚೆನ್ನಾಗಿರ್ತದೆ?" ಎಂದು ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಉತ್ತರ ಅದೇ ಪುಟದ ಕೆಳಗಿನ ಪಟ್ಟಿಯಲ್ಲಿತ್ತು. ಅಲ್ಲಿ `RSRP` ಎಂಬ ಕಾಲಮ್ಮಿನಲ್ಲಿ ನಾನು ನೋಡುತ್ತಿದ್ದ ಡಿಬಿಎಂ ಇದ್ದರೆ, ಪಕ್ಕದ `RSRQ` ಬಂದ ಸಿಗ್ನಲ್ ಎಷ್ಟು ಶುದ್ಧ ಎಂಬುದನ್ನು ಹೇಳುತ್ತದೆ. ಇದು -10ರ ಸುತ್ತ ಇದ್ದರೆ ಚೆನ್ನಾಗಿದೆ, -15ಕ್ಕಿಂತ ಕೆಳಗೆ ಹೋದರೆ ಗದ್ದಲ ಹೆಚ್ಚಿದೆ ಎಂದರ್ಥ. ಧರೆಯ ಮೇಲೆ ಅದು -17, ಅಟ್ಟದಲ್ಲಿ -11. ಇನ್ನೊಂದು ಕಾಲಮ್ `PCI`, ಯಾವ ಟವರಿನ ಸೆಲ್ ಹಿಡಿದಿದ್ದೇವೆ ಎಂಬುದರ ಗುರುತು. ಧರೆಯ ಮೇಲೆ ಅದು 211, ಸ್ವಲ್ಪ ಹೊತ್ತಿಗೆ 87, ಮತ್ತೆ 211 ಎಂದು ಕುಣಿಯುತ್ತಿತ್ತು. ಅಟ್ಟದಲ್ಲಿ 211 ಕದಲಲೇ ಇಲ್ಲ.

ಧರೆ ಎತ್ತರದಲ್ಲಿದೆ, ಅಲ್ಲಿಗೆ ಎರಡೂ ಗುಡ್ಡಗಳಾಚೆಯ ಟವರುಗಳು ಹೆಚ್ಚುಕಡಿಮೆ ಸಮನಾಗಿ ಕೇಳಿಸುತ್ತವೆ. ಎರಡೂ ಒಂದೇ ಆವರ್ತನದಲ್ಲಿರುವುದರಿಂದ ಒಂದರ ಮಾತಿನ ಮೇಲೆ ಇನ್ನೊಂದರ ಮಾತು ಬಿದ್ದು ಫೋನಿಗೆ ಎರಡೂ ಸರಿಯಾಗಿ ತಿಳಿಯುವುದಿಲ್ಲ. ಅಟ್ಟದ ಮೂಡಣ ಗೋಡೆ ದಪ್ಪ ಚಿರೆಕಲ್ಲಿನದು. ಅದು 87ನ್ನು ತಡೆದು ಪಡುವಣದ 211ನ್ನಷ್ಟೇ ಒಳಗೆ ಬಿಡುತ್ತಿತ್ತು. ಬರೀ ಜನ ಹೆಚ್ಚು ಬಳಸುವುದರಿಂದಲೂ `RSRQ` ಕುಸಿಯುತ್ತದೆ, ಆದರೆ ಹಾಗಿದ್ದರೆ ಸಂಜೆ ಬಿದ್ದು ಬೆಳಗಿನ ಜಾವ ಸುಧಾರಿಸಬೇಕು. ಐದು ಗಂಟೆಗೆದ್ದು ಧರೆ ಹತ್ತಿ ನೋಡಿದೆ, ಆಗಲೂ -17, ಆಗಲೂ ಅದೇ ಕುಣಿತ.

ಈಗ ಮೇಜು ಅಟ್ಟದಲ್ಲಿದೆ, ಹೆಂಚಿನ ಕಾವಿಗೆ ಮಧ್ಯಾಹ್ನ ಬೇಯುತ್ತೇನೆ. ಕರೆಂಟ್ ಹೋಗಿ ಕೆಲವು ತಾಸಾದ ಮೇಲೆ ನೆಟ್ ನಿಂತರೆ ಮೊದಲು ಆ ಪುಟ ತೆಗೆಯುತ್ತೇನೆ. 211 ಮಾಯವಾಗಿ 87 ಮಾತ್ರ -119ರಲ್ಲಿ ಕಂಡರೆ ಪಡುವಣದ ಟವರಿನ ಬ್ಯಾಟರಿ ಮುಗಿದಿದೆ. ಆಗ ಫೋನ್ ಆಫ್ ಮಾಡಿ ಆನ್ ಮಾಡುತ್ತಾ ಕೂರುವುದಿಲ್ಲ, ನೇರ ಧರೆ ಹತ್ತುತ್ತೇನೆ. ಆ ಹೊತ್ತಿಗೆ ಅಲ್ಲಿ 87 ಒಂದೇ ಇರುತ್ತದೆ, ಮಾತೂ ಕಡಿಯುವುದಿಲ್ಲ.