ಈ ಚಾರ್ಲಿ ಯಾರು ಮಾರಾಯ್ತಿ?

ಸಭೆಗಳ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಿ ಕೊಡುವುದು ನನ್ನ ಕೆಲಸ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗಿರುವ ಮನೆಯಲ್ಲೇ ಕೂತು ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಭಾವ ಒಂದು ಸಭೆಯ ಆಡಿಯೋ ಕಳಿಸಿದರು. ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪು, ಹೊರರಾಜ್ಯದ ಒಬ್ಬ ಖರೀದಿದಾರ. ಅವರಿಗೆ ಕನ್ನಡ ಬಾರದು, ಹಾಗಾಗಿ ಎಪ್ಪತ್ತು ನಿಮಿಷವೂ ಇಂಗ್ಲಿಷು. ಮೊಬೈಲನ್ನು ಮೇಜಿನ ನಡುವೆ ಇಟ್ಟು ರೆಕಾರ್ಡ್ ಮಾಡಿದ್ದರು. ಮೇಲೆ ತಗಡಿನ ಮಾಡು, ಅದರ ಮೇಲೆ ಮಳೆ.

ನಾನು ಬಳಸುವುದು ವಿಸ್ಪರ್, ಮಾತು ಕೇಳಿ ತಾನೇ ಬರಹ ಮಾಡಿ ಕೊಡುವ ತಂತ್ರಾಂಶ. ಉಚಿತ, ನಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತದೆ, ನೆಟ್ ಹೋದರೂ ತೊಂದರೆಯಿಲ್ಲ. ಮೊದಲ ಸಲ ಸುಮ್ನೆ ಫೈಲ್ ಕೊಟ್ಟು ಓಡಿಸಿದೆ. ಬಂದದ್ದನ್ನು ಅವಸರದಲ್ಲಿ ಹಾಗೇ ಭಾವನಿಗೆ ಕಳಿಸಿಯೂಬಿಟ್ಟೆ. ಹತ್ತು ನಿಮಿಷದಲ್ಲಿ ಫೋನು.

"ಈ ಚಾರ್ಲಿ ಯಾರು ಮಾರಾಯ್ತಿ? ನಮ್ಮ ಸಭೆಗೆ ಬಂದೇ ಇಲ್ಲವಲ್ಲ!"

ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಗೆ ನಮ್ಮಲ್ಲಿ ಚಾಲಿ ಅನ್ನುತ್ತೇವೆ. ಆ ಚಾಲಿ ಚಾರ್ಲಿಯಾಗಿತ್ತು. "ಈ ವರ್ಷ ಚಾರ್ಲಿ ಚೆನ್ನಾಗಿ ಒಣಗಿದೆ" ಅಂತ ಬರೆದಿತ್ತು. ಹೊನ್ನಾವರ ಜರ್ಮನಿಗೆ ಹೋಗಿ ಹ್ಯಾನೋವರ್ ಆಗಿತ್ತು. ಪೆಪ್ಪರ್ ಅರ್ಧ ಕಡೆ ಪೇಪರ್. ಇವೆಲ್ಲ ನಗು ಬರಿಸುವ ತಪ್ಪುಗಳು. ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ, ಹಾಗಾಗಿ ಅಷ್ಟು ಅಪಾಯವಿಲ್ಲ. ನನಗೆ ಜಾಸ್ತಿ ತಲೆ ಕೆಡಿಸಿದ್ದು ಬೇರೆ. ಇಪ್ಪತ್ಮೂರನೇ ನಿಮಿಷದಿಂದ ಮುಂದೆ ಒಂದೇ ಒಂದು ಪೂರ್ಣವಿರಾಮ ಇರಲಿಲ್ಲ. ಅಲ್ಪವಿರಾಮವೂ ಇಲ್ಲ, ದೊಡ್ಡಕ್ಷರವೂ ಇಲ್ಲ. ಯಾರು ಎಲ್ಲಿ ಮಾತು ನಿಲ್ಲಿಸಿದರು, ಯಾವುದು ಪ್ರಶ್ನೆ, ಯಾವುದು ಉತ್ತರ, ಒಂದೂ ತಿಳಿಯದು.

ಆ ಜಾಗದ ಆಡಿಯೋ ಕೇಳಿದೆ. ಮಳೆ ಜೋರಾಗಿ, ಮೂವರು ಒಟ್ಟಿಗೆ ಮಾತಾಡಿದ್ದರು. ಸರಿ, ಅಲ್ಲಿ ಕೆಟ್ಟಿತು ಅನ್ನೋಣ. ಆದರೆ ಎರಡೇ ನಿಮಿಷದಲ್ಲಿ ಮಳೆ ಬಿಟ್ಟಿತ್ತು, ಮಾತು ಸ್ವಚ್ಛವಾಗಿತ್ತು. ಆಮೇಲೂ ಚಿಹ್ನೆ ಯಾಕೆ ಬರಲಿಲ್ಲ?

ಕಾರಣ ಹೀಗಿದೆ. ವಿಸ್ಪರ್ ಆಡಿಯೋವನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ಹೊಸ ತುಂಡು ಬರೆಯುವ ಮುಂಚೆ, ತಾನೇ ಆಗಷ್ಟೇ ಬರೆದಿದ್ದರ ಕೊನೆಯ ಭಾಗವನ್ನು ನೋಡಿಕೊಳ್ಳುತ್ತದೆ. ಮಾತಿನ ಎಳೆ ತಪ್ಪದಿರಲಿ ಅಂತ ಈ ವ್ಯವಸ್ಥೆ. ಆದರೆ ಅದು ಬರೀ ವಿಷಯವನ್ನಲ್ಲ, ಬರೆಯುವ ರೀತಿಯನ್ನೂ ಮುಂದುವರಿಸುತ್ತದೆ. ಹಿಂದಿನದರಲ್ಲಿ ಚಿಹ್ನೆ ಇಲ್ಲದಿದ್ದರೆ ಇಲ್ಲಿಯೂ ಬೇಡ ಅಂತ ತೀರ್ಮಾನಿಸಿಬಿಡುತ್ತದೆ. ಇದರಲ್ಲಿ ಇಲ್ಲದಿದ್ದರೆ ಮುಂದಿನದರಲ್ಲೂ ಇಲ್ಲ. ತೋಟದಲ್ಲಿ ಒಂದು ಮರಕ್ಕೆ ಬಂದ ಕೊಳೆರೋಗ ಸಾಲಿಗೇ ಹಬ್ಬುತ್ತದಲ್ವಾ, ಹಾಗೆ.

ಹಿಂದಿನದನ್ನು ನೋಡಬೇಡ ಅಂತ ಹೇಳುವ ಆಯ್ಕೆಯೂ ಇದೆ, `--condition_on_previous_text False`. ಅದನ್ನು ಹಾಕಿ ನೋಡಿದೆ. ಪೂರ್ಣವಿರಾಮ ವಾಪಸ್ ಬಂತು. ಆದರೆ ಪ್ರತಿ ತುಂಡನ್ನೂ ಹೊಸದಾಗಿ ಶುರುಮಾಡುವುದರಿಂದ ಹೆಸರುಗಳು ಕೆಟ್ಟವು. ಒಂದು ಕಡೆ ಯಲ್ಲಾಪುರ ಒಂದು ಥರ, ಅರ್ಧ ನಿಮಿಷದ ಮುಂದೆ ಇನ್ನೊಂದು ಥರ.

ಕೊನೆಗೆ ಮಾಡಿದ್ದು ಇಷ್ಟು. ಆಡಿಯೋವನ್ನು ಹತ್ತು ಹತ್ತು ನಿಮಿಷದ ಏಳು ಭಾಗ ಮಾಡಿದೆ. ಪ್ರತಿ ಭಾಗಕ್ಕೂ ಮೊದಲೇ ಒಂದು ಮಾದರಿ ಬರಹ ಕೊಟ್ಟೆ.

```
ffmpeg -i sabhe.m4a -ac 1 -ar 16000 -f segment -segment_time 600 bhaga%02d.wav

whisper bhaga00.wav --model small --language en --initial_prompt "Good morning. We discussed chali, rashi and pepper. Did Sirsi, Yellapur and Honnavar send samples? Yes, they did."
```

ಎರಡನೇ ಆಜ್ಞೆಯನ್ನು ಏಳು ಫೈಲಿಗೂ ಓಡಿಸಬೇಕು. ಮಾದರಿ ಬರಹದಲ್ಲಿ ಪದಗಳ ಪಟ್ಟಿ ಕೊಟ್ಟರೆ ಸಾಲದು, ಪೂರ್ತಿ ವಾಕ್ಯ ಬೇಕು. ಪೂರ್ಣವಿರಾಮ, ಅಲ್ಪವಿರಾಮ, ಒಂದು ಪ್ರಶ್ನೆ ಎಲ್ಲ ಇರಬೇಕು, ಯಾಕೆಂದರೆ ಅದು ನೋಡಿ ಕಲಿಯುವುದು ಆ ರೀತಿಯನ್ನೇ. ಇದು ತನ್ನ ಹಿಂದಿನ ಬರಹ ಅಂತ ಅದು ನಂಬುತ್ತದೆ. ಊರಿನ ಹೆಸರುಗಳ ನೆನಪು ಒಂದೆರಡು ನಿಮಿಷದಲ್ಲಿ ಅಳಿಸಿಹೋಗುತ್ತದೆ, ಅಷ್ಟರಲ್ಲಿ ಹೊಸ ಬರಹ ಅದರ ಜಾಗಕ್ಕೆ ಬಂದಿರುತ್ತದೆ. ಚಿಹ್ನೆಯ ಅಭ್ಯಾಸ ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ನಡುವೆ ಕೆಟ್ಟರೂ ಆ ಹತ್ತು ನಿಮಿಷಕ್ಕೆ ಮುಗಿಯಿತು, ಮುಂದಿನ ಭಾಗ ಮತ್ತೆ ಸರಿಯಾಗಿ ಶುರು. ಭಾಗ ಕತ್ತರಿಸಿದ ಜಾಗದಲ್ಲಿ ಒಂದು ಪದ ಅರ್ಧವಾಗುವುದುಂಟು. ಆ ಆರು ಜಾಗಗಳನ್ನು ಕಿವಿಯಿಂದ ಕೇಳಿ ಕೈಯಿಂದ ಸರಿಮಾಡಿದೆ.

ಉಳಿದ ಹೆಸರುಗಳನ್ನು ಹುಡುಕಿ ಬದಲಿಸಿದೆ. ಚಾರ್ಲಿಯನ್ನು ಒಂದೇ ಏಟಿಗೆ ಚಾಲಿ ಮಾಡಿದರೆ ನಷ್ಟವಿಲ್ಲ. ಪೇಪರ್ ಹಾಗಲ್ಲ. ಖರೀದಿದಾರ ಎರಡು ಕಡೆ ನಿಜವಾಗಿಯೂ ಕಾಗದಪತ್ರ ಕೇಳಿದ್ದರು. ಎಲ್ಲವನ್ನೂ ಬದಲಿಸಿದ್ದರೆ "ಕಾಳುಮೆಣಸಿಗೆ ಸಹಿ ಹಾಕಿ ಕಳಿಸಿ" ಅಂತಾಗುತ್ತಿತ್ತು.

ಇಷ್ಟಾದ ಮೇಲೂ ಒಂದು ಸಾಲು ನನ್ನನ್ನು ಮೋಸ ಮಾಡಿತು. ತೆರೆಯ ಮೇಲೆ "ನಾಟ್ 50 50 ಕ್ವಿಂಟಲ್ಸ್" ಅಂತಿತ್ತು. ಸಭೆಯಲ್ಲಿ ಸಾಗಾಟದ ಖರ್ಚು ಹಂಚಿಕೊಳ್ಳುವ ಮಾತೂ ಬಂದಿತ್ತು. ಹಾಗಾಗಿ ಅರ್ಧಂಬರ್ಧ ಬೇಡ ಅಂದಿರಬೇಕು ಅಂತ ನಡುವೆ ಒಂದು ಗೆರೆ ಹಾಕಿ "50-50" ಮಾಡಿದೆ. ಓದಲು ಸರಿಯಾಗೇ ಇತ್ತು. ಆದರೆ ಕೊನೆಯ ಕ್ವಿಂಟಲ್ಸ್ ಚುಚ್ಚುತ್ತಲೇ ಇತ್ತು. ಖರ್ಚು ಹಂಚುವ ಮಾತಿನಲ್ಲಿ ಕ್ವಿಂಟಲ್ ಯಾಕೆ ಬರಬೇಕು?

ಆ ಜಾಗವನ್ನು ನಿಧಾನ ಮಾಡಿ ಕೇಳಿದೆ. ಮೊದಲ ಫಿಫ್ಟಿ ಆದ ಮೇಲೆ ದನಿ ಇಳಿದು ಒಂದು ಸಣ್ಣ ನಿಲುಗಡೆ ಇದೆ. ಎರಡನೆಯದರಲ್ಲಿ ಒತ್ತು ಕೊನೆಗೆ ಬಿದ್ದಿದೆ, ಕಡೆಯಲ್ಲಿ ಬರಬೇಕಾದ "ನ್" ಸದ್ದು ಮಳೆಯಲ್ಲಿ ಮುಳುಗಿದೆ. ಫಿಫ್ಟೀನ್ ಇರಬಹುದು ಅನ್ನಿಸಿತು. ಆದರೆ ಇಂಥ ಕಡೆ ನಾನು ನನ್ನ ಕಿವಿಯನ್ನೂ ಪೂರ್ತಿ ನಂಬುವುದಿಲ್ಲ. ಒಮ್ಮೆ ಹದಿನೈದು ಅಂತ ಮನಸ್ಸಿಗೆ ಬಂದರೆ ಎಷ್ಟು ಸಲ ಕೇಳಿದರೂ ಹದಿನೈದೇ ಕೇಳುತ್ತದೆ. ಅದಕ್ಕೆ ಬೇರೆ ಸಾಕ್ಷಿ ಹುಡುಕಿದೆ. ನಾಲ್ಕು ನಿಮಿಷ ಮುಂದೆ ಲಾರಿಯ ಮಾತು ಬರುತ್ತದೆ. ಅಲ್ಲಿ ಒಬ್ಬರು ಸ್ಪಷ್ಟವಾಗಿ ಹೇಳುತ್ತಾರೆ, ಮೂವತ್ತು ಚೀಲ, ಚೀಲಕ್ಕೆ ಐವತ್ತು ಕಿಲೋ. ಅಂದರೆ 1,500 ಕಿಲೋ, ಹದಿನೈದು ಕ್ವಿಂಟಲ್. ಐವತ್ತು ಕ್ವಿಂಟಲ್ ಆಗಿದ್ದರೆ ನೂರು ಚೀಲ ಬೇಕಿತ್ತು.

ಹಾಗಾಗಿ ಆ ಸಾಲು "ನಾಟ್ 50, 15 ಕ್ವಿಂಟಲ್ಸ್" ಆಯಿತು. ಒಂದು ಅಂಕಿ ತಪ್ಪು, ಒಂದು ಅಲ್ಪವಿರಾಮ ಇಲ್ಲ. ಎರಡರಲ್ಲಿ ಒಂದನ್ನೇ ಸರಿಮಾಡಿದ್ದರೂ ಅರ್ಥ ದಕ್ಕುತ್ತಿರಲಿಲ್ಲ. ಅಂದಿನಿಂದ ಸಂಖ್ಯೆ ಇರುವ ಪ್ರತಿ ಸಾಲನ್ನೂ, "ನೋ" ಅಥವಾ "ನಾಟ್" ಇರುವ ಪ್ರತಿ ಸಾಲನ್ನೂ ಕೇಳಿಯೇ ಬಿಡುತ್ತೇನೆ, ನೋಡಲು ಎಷ್ಟೇ ಸರಿ ಇರಲಿ. ಉಳಿದದ್ದನ್ನು ಓದಿ, ಎಡವಿದಲ್ಲಿ ಮಾತ್ರ ಕೇಳುತ್ತೇನೆ. ಎಪ್ಪತ್ತು ನಿಮಿಷದ ಆ ಸಭೆಗೆ ಮೂರು ಗಂಟೆ ಹಿಡಿಯಿತು. ನಡುವೆ ಕರೆಂಟು ಹೋದದ್ದನ್ನು ಲೆಕ್ಕ ಹಿಡಿದಿಲ್ಲ.

ಒಂದು ಜಾಗ ಮಾತ್ರ ಬಿಡಿಸಲು ಆಗಲೇ ಇಲ್ಲ. ನಲವತ್ತೊಂದನೇ ನಿಮಿಷ, ಭಾವನದೇ ದನಿ, ಮೇಲಿಂದ ಮಳೆ. ಊಹಿಸಿ ತುಂಬಿಸಲಿಲ್ಲ. ಸಮಯ ಬರೆದು, ಕೇಳಿಸುತ್ತಿಲ್ಲ ಅಂತ ಚೌಕಾಕಾರದ ಆವರಣದಲ್ಲಿ ಹಾಕಿ, ಆ ಹತ್ತು ಸೆಕೆಂಡಿನ ಆಡಿಯೋ ಕತ್ತರಿಸಿ ಅವರಿಗೇ ಕಳಿಸಿದೆ.

ಸಂಜೆ ಫೋನ್ ಮಾಡಿದರು. "ಮೂರು ಸಲ ಕೇಳಿದೆ ಮಾರಾಯ್ತಿ. ಎಂತ ಹೇಳಿದ್ದೆ ಅಂತ ನನಗೇ ಗೊತ್ತಾಗ್ತಾ ಇಲ್ಲ. ಆವರಣ ಹಾಗೇ ಇರಲಿ."