ಮಂಗಳೂರಿನ ಮಳೆಗಾಲ, ಟ್ರೆಡ್‌ಮಿಲ್ ಮೇಲೆ 18 ಕಿಲೋಮೀಟರ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಭಾನುವಾರದ ಲಾಂಗ್ ರನ್ ಮಳೆರಾಯನ ಕೈಯಲ್ಲಿರುತ್ತದೆ. ಸಣ್ಣ ಮಳೆಗೆ ಯಾರೂ ಹೆದರುವುದಿಲ್ಲ. ಆದರೆ ರಸ್ತೆಯಲ್ಲಿ ನೀರು ಹರಿಯುವಾಗ ಗುಂಡಿ ಎಲ್ಲಿದೆ, ತೆರೆದ ಚರಂಡಿ ಎಲ್ಲಿದೆ ಅಂತ ಕಾಣುವುದಿಲ್ಲ. ಹಾಗಾಗಿ ನಾನು ಈ ನಾಲ್ಕು ತಿಂಗಳು ಉದ್ದದ ಓಟಗಳನ್ನು ಹೆಚ್ಚಾಗಿ ಮನೆಯ ಟ್ರೆಡ್‌ಮಿಲ್ ಮೇಲೆಯೇ ಮುಗಿಸುತ್ತೇನೆ. ಮಳೆ ನಿಂತ ಮೇಲೆ ಬರುವ ಹಾಫ್ ಮ್ಯಾರಥಾನ್‌ಗೆ ಕಾಲು ತಯಾರಿರಬೇಕಲ್ವಾ?

ಟ್ರೆಡ್‌ಮಿಲ್ ಬಗ್ಗೆ ಎಲ್ಲರೂ ಮೊದಲು ಹೇಳುವ ಮಾತು, "1% ಇನ್‌ಕ್ಲೈನ್ ಇಡು, ಹೊರಗೆ ಓಡಿದ ಹಾಗೇ ಆಗ್ತದೆ" ಅಂತ. ಇದು ಬಂದದ್ದು 1996ರಲ್ಲಿ ಆ್ಯಂಡ್ರ್ಯೂ ಜೋನ್ಸ್ ಮತ್ತು ಜೊನಾಥನ್ ಡೌಸ್ಟ್ ಪ್ರಕಟಿಸಿದ ಒಂದು ಅಧ್ಯಯನದಿಂದ. ಹೊರಗೆ ಓಡುವಾಗ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಬೆಲ್ಟ್ ಮೇಲೆ ನಾವು ನಿಂತಲ್ಲೇ ಇರುತ್ತೇವೆ, ಆ ಕೆಲಸ ಇಲ್ಲ. ಆ ಉಳಿತಾಯವನ್ನು ಸರಿದೂಗಿಸಲು 1% ಏರು ಸಾಕು ಎಂದು ಅವರು ತೋರಿಸಿದರು. ಆದರೆ ಅವರು ಓಡಿಸಿದ್ದು ಚೆನ್ನಾಗಿ ಪಳಗಿದ ಓಟಗಾರರನ್ನು, ಗಂಟೆಗೆ ಸುಮಾರು 10.5 ಕಿ.ಮೀ.ಗಿಂತ ಮೇಲಿನ ವೇಗದಲ್ಲಿ. ಗಾಳಿಯ ತಡೆ ವೇಗದ ಜೊತೆ ಜೋರಾಗಿ ಏರುತ್ತದೆ. ನನ್ನ ಹಾಗೆ ಗಂಟೆಗೆ 9 ಕಿ.ಮೀ.ಯಲ್ಲಿ ಹೋಗುವವರಿಗೆ ಆ ತಡೆ ತೀರಾ ಕಡಿಮೆ. ಸಮತಟ್ಟಾದ ರಸ್ತೆಗೆ ಹೋಲಿಸಿದರೆ ನಮಗೆ ಸೊನ್ನೆ ಇಟ್ಟರೂ ದೊಡ್ಡ ಮೋಸವೇನಿಲ್ಲ.

ಹಾಗಿದ್ದೂ ನಾನು 1% ಇಡುತ್ತೇನೆ. ಕಾರಣ ಗಾಳಿಯಲ್ಲ, ಊರು. ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆ ಅಂತ ಎಷ್ಟಿದೆ? ಕದ್ರಿ, ಬಿಜೈ, ಬಾವುಟಗುಡ್ಡ, ಯಾವ ಕಡೆ ಹೋದರೂ ಒಂದು ಏರು, ಒಂದು ಇಳಿಜಾರು. ಇಡೀ ಎರಡು ಗಂಟೆ ಒಂದೇ ಇನ್‌ಕ್ಲೈನ್‌ನಲ್ಲಿ ಓಡಿದರೆ ಅದು ಯಾವ ರಸ್ತೆಯ ಹಾಗೂ ಇರುವುದಿಲ್ಲ. ಪ್ರತಿ ಹೆಜ್ಜೆಯೂ ಒಂದೇ ಸ್ನಾಯುವಿನ ಮೇಲೆ, ಒಂದೇ ಕೋನದಲ್ಲಿ ಬೀಳುತ್ತದೆ. ಬೇಜಾರು ಶುರುವಾಗುವುದೂ ಅಲ್ಲಿಂದಲೇ. ಅದಕ್ಕೆ ನಾನು ಮಾಡುವುದು ಇಷ್ಟೇ: ನನ್ನ ಮಾಮೂಲಿ ರಸ್ತೆಯನ್ನೇ ಬೆಲ್ಟ್ ಮೇಲೆ ಓಡುವುದು.

ಅದಕ್ಕೆ ಮೊದಲು ಮೆಷಿನ್ ಹೇಳುವ ಅಂಕಿ ನಿಜವೋ ಅಂತ ನೋಡಬೇಕು. ಮನೆಯ ಟ್ರೆಡ್‌ಮಿಲ್‌ಗಳಲ್ಲಿ ಪ್ಯಾನೆಲ್‌ನ "5" ಎಂದರೆ ಐದು ಪರ್ಸೆಂಟ್ ಅಂತ ಗ್ಯಾರಂಟಿ ಇಲ್ಲ, ಅದು ಬರೀ ಐದನೇ ಲೆವೆಲ್ ಇರಬಹುದು. ನಾನು ಸರಿಯಾಗಿ ಒಂದು ಮೀಟರ್ ಉದ್ದದ ಮರದ ಪಟ್ಟಿ ತಗೊಂಡು, ಬೆಲ್ಟ್ ನಿಂತಿರುವಾಗ ಅದನ್ನು ಉದ್ದಕ್ಕೆ ಇಟ್ಟೆ. ಮುಂದಿನ ತುದಿ ಬೆಲ್ಟ್‌ಗೆ ತಾಗಿರಬೇಕು. ಪಟ್ಟಿಯ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು, ಗುಳ್ಳೆ ಮಧ್ಯಕ್ಕೆ ಬರುವವರೆಗೆ ಹಿಂದಿನ ತುದಿಯನ್ನು ಎತ್ತಿದೆ. ಆ ತುದಿಗೂ ಬೆಲ್ಟ್‌ಗೂ ನಡುವೆ ಎಷ್ಟು ಸೆಂಟಿಮೀಟರ್ ಸಂದಿಯೋ ಅಷ್ಟೇ ಪರ್ಸೆಂಟ್. ಒಂದು ಸೆಂಟಿಮೀಟರ್ ಎಂದರೆ 1%. ಫೋನಿನ ಲೆವೆಲ್ ಆ್ಯಪ್‌ನಲ್ಲೂ ನೋಡಬಹುದು, ಆದರೆ ಅದು ಡಿಗ್ರಿ ತೋರಿಸುತ್ತದೆ. 1% ಎಂದರೆ ಸುಮಾರು 0.6 ಡಿಗ್ರಿ ಮಾತ್ರ. ಡಿಗ್ರಿಯನ್ನೇ ಪರ್ಸೆಂಟ್ ಅಂದುಕೊಂಡರೆ ಗುಡ್ಡೆ ಹತ್ತಿದ ಹಾಗೆ ಆಗುತ್ತದೆ.

ಸ್ಪೀಡ್‌ಗೂ ಇದೇ ಪರೀಕ್ಷೆ. ಪ್ಲಗ್ ತೆಗೆದು, ಬೆಲ್ಟ್ ಅಂಚಿಗೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ, ಕೈಯಲ್ಲಿ ತಿರುಗಿಸುತ್ತಾ ಟೇಪಿನಲ್ಲಿ ಪೂರ್ತಿ ಸುತ್ತು ಅಳೆದೆ. ನನ್ನದು 2.8 ಮೀಟರ್ ಬಂತು. ಆಮೇಲೆ ಪ್ಯಾನೆಲ್‌ನಲ್ಲಿ 9 ಇಟ್ಟು ನಾನು ಓಡಿದೆ, ಮಗ ಪಕ್ಕದಲ್ಲಿ ಕೂತು ಗುರುತು ಲೆಕ್ಕ ಹಾಕಿದ. ಖಾಲಿ ಬೆಲ್ಟ್ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಮೈಭಾರ ಬಿದ್ದಾಗ ಬೆಲ್ಟ್ ನಿಧಾನವಾಗಬಹುದು. 50 ಸುತ್ತು ಎಂದರೆ 140 ಮೀಟರ್. ಗಂಟೆಗೆ 9 ಕಿ.ಮೀ. ನಿಜವಾಗಿದ್ದರೆ 56 ಸೆಕೆಂಡ್ ಸಾಕು. "ಅಪ್ಪಾ, ಐವತ್ತೊಂಬತ್ತು ಸೆಕೆಂಡ್!" ಅಂದ. ಅಂದರೆ ನಿಜವಾದ ವೇಗ ಸುಮಾರು 8.5. ಈಗ ನನಗೆ 9 ಬೇಕಿದ್ದರೆ ಪ್ಯಾನೆಲ್‌ನಲ್ಲಿ 9.5 ಒತ್ತುತ್ತೇನೆ. ಮುಂದೆ ಹೇಳುವ ಸ್ಪೀಡ್‌ಗಳೆಲ್ಲ ನಿಜವಾದವು, ಪ್ಯಾನೆಲ್‌ನವು ಅಲ್ಲ.

ಇನ್ನು ರಸ್ತೆಯ ಲೆಕ್ಕ. ಬೇಸಿಗೆಯಲ್ಲಿ ಓಡಿದ ದಾರಿ ವಾಚಿನ ಆ್ಯಪ್‌ನಲ್ಲಿ ಇರುತ್ತದೆ, ಜೊತೆಗೆ ಏರಿಳಿತದ ಗೆರೆಯೂ. ನಾನು ಕದ್ರಿ ಕಡೆಗೆ ಹತ್ತುವ ಒಂದು ಭಾಗ 800 ಮೀಟರ್ ಉದ್ದ, ಅಷ್ಟರಲ್ಲಿ ಸುಮಾರು 28 ಮೀಟರ್ ಎತ್ತರ. 28ನ್ನು 800ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 3.5%. ಸಣ್ಣ ಉಬ್ಬುತಗ್ಗು ಬಿಟ್ಟು ದೊಡ್ಡ ಏರುಗಳನ್ನು ಮಾತ್ರ ಹೀಗೆ ಬರೆದುಕೊಳ್ಳುತ್ತೇನೆ. ಪ್ರತಿ ನೂರು ಮೀಟರಿಗೂ ಗುಂಡಿ ಒತ್ತುತ್ತಾ ಕೂತರೆ ಓಟ ನಡೆಯುವುದಿಲ್ಲ.

ಏರಿನಲ್ಲಿ ಸ್ಪೀಡ್ ಎಷ್ಟು ಇಳಿಸಬೇಕು? ಓಟದ ಶ್ರಮ ಅಂದಾಜು ಮಾಡಲು ಅಮೆರಿಕದ ಕ್ರೀಡಾ ವೈದ್ಯ ಸಂಸ್ಥೆ ಎಸಿಎಸ್‌ಎಂ ಒಂದು ಸೂತ್ರ ಕೊಟ್ಟಿದೆ. ಅದರಲ್ಲಿ ನನ್ನ ವೇಗ ಹಾಕಿ ನೋಡಿದರೆ, ಪ್ರತಿ 1% ಏರು ಗಂಟೆಗೆ ಸುಮಾರು 0.4 ಕಿ.ಮೀ. ಜಾಸ್ತಿ ಓಡಿದ್ದಕ್ಕೆ ಸಮ. 1%ರಿಂದ 3.5%ಗೆ ಹೋದರೆ ಎರಡೂವರೆ ಪರ್ಸೆಂಟ್ ಹೆಚ್ಚು, ಅಂದರೆ ಸ್ಪೀಡ್ 1 ಕಿ.ಮೀ. ಇಳಿಸಬೇಕು. 1%ನಲ್ಲಿ 9, 3.5%ನಲ್ಲಿ 8, ಸೊನ್ನೆಯಲ್ಲಿ 9.4: ಮೂರಕ್ಕೂ ಉಸಿರಿನ ಖರ್ಚು ಹೆಚ್ಚುಕಡಿಮೆ ಒಂದೇ. ಲಾಂಗ್ ರನ್‌ಗೆ ಬೇಕಾದ್ದೇ ಇದು. ಏರು ಬಂದಾಗ ಹೊರಗೂ ನಾವು ಹೆಜ್ಜೆ ಸಣ್ಣ ಮಾಡಿ ನಿಧಾನವಾಗುತ್ತೇವಲ್ಲ, ಅದನ್ನೇ ಇಲ್ಲಿ ಕೈಯಿಂದ ಮಾಡಬೇಕು. ಸ್ಪೀಡ್ ಇಳಿಸದೆ ಇನ್‌ಕ್ಲೈನ್ ಮಾತ್ರ ಏರಿಸಿದರೆ ಆರಾಮದ ಓಟ ಸದ್ದಿಲ್ಲದೆ ರೇಸ್ ಆಗಿಬಿಡುತ್ತದೆ. ಮಾತಾಡಲು ಹೋದರೆ ಎರಡು ಶಬ್ದಕ್ಕೆ ಉಸಿರು ಕಟ್ಟುವುದೇ ಅದರ ಗುರುತು. ಏರಿನಲ್ಲಿ ಮುಂದಿನ ಹಿಡಿ ಹಿಡಿದುಕೊಳ್ಳುವುದೂ ಬೇಡ. ಹಿಡಿದರೆ ಮೈಭಾರದ ಒಂದು ಪಾಲು ಕೈಗೆ ಹೋಗುತ್ತದೆ, ಹಾಕಿದ ಲೆಕ್ಕವೆಲ್ಲ ನೀರಲ್ಲಿ ಹೋಮ.

ನನ್ನ 18 ಕಿ.ಮೀ. ಹೀಗಿರುತ್ತದೆ. ಮೊದಲ 3 ಕಿ.ಮೀ. 8.5ರಲ್ಲಿ, ಇನ್‌ಕ್ಲೈನ್ ಸೊನ್ನೆ. ಕಾಲಿನ ಮೀನಖಂಡ ಬಿಸಿಯಾಗುವ ಮೊದಲು ಏರು ಬೇಡ. ಆಮೇಲೆ 3 ಕಿ.ಮೀ.ಯ ಸುತ್ತು, ಅಂಥ ನಾಲ್ಕು. ಒಂದು ಸುತ್ತಿನಲ್ಲಿ 1%ನಲ್ಲಿ 9ರ ಹಾಗೆ ಎಂಟು ನಿಮಿಷ, 3.5%ನಲ್ಲಿ 8ರ ಹಾಗೆ ಆರು ನಿಮಿಷ, ಕೊನೆಗೆ ಸೊನ್ನೆಯಲ್ಲಿ 9.4ರ ಹಾಗೆ ಒಂದು ಕಿಲೋಮೀಟರ್. ಕೊನೆಯ 3 ಕಿ.ಮೀ. 9ರಲ್ಲಿ, 1%. ಒಟ್ಟು ಎರಡು ಗಂಟೆ ಮೂರು ನಿಮಿಷದ ಆಸುಪಾಸು.

ನನ್ನ ಮೆಷಿನ್ 99 ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಜಿಮ್‌ಗಳಲ್ಲಿ 60 ನಿಮಿಷಕ್ಕೇ ನಿಲ್ಲುವಂಥವೂ ಇವೆ. ಅದಕ್ಕೆ ಮೂರನೇ ಸುತ್ತು ಮುಗಿದ ಕೂಡಲೇ, ಸುಮಾರು 82ನೇ ನಿಮಿಷಕ್ಕೆ, ನಾನೇ ನಿಲ್ಲಿಸುತ್ತೇನೆ. ದೂರ ಬರೆದುಕೊಂಡು, ನೀರು ಕುಡಿದು, ಎರಡು ನಿಮಿಷದಲ್ಲಿ ಮತ್ತೆ ಶುರು. ಮೋಟರ್‌ಗೂ ಸ್ವಲ್ಪ ಬಿಡುವು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಹೋದರೆ ಬೆಲ್ಟ್ ಗಕ್ಕನೆ ನಿಲ್ಲುತ್ತದೆ, ಪ್ಯಾನೆಲ್‌ನ ಲೆಕ್ಕವೂ ಅಳಿಸಿಹೋಗುತ್ತದೆ. ಸೇಫ್ಟಿ ಕ್ಲಿಪ್ ಅಂಗಿಗೆ ಸಿಕ್ಕಿಸಿದ್ದರೂ ಅದು ನಾವು ಹಿಂದೆ ಜಾರಿದಾಗ ಬೆಲ್ಟ್ ನಿಲ್ಲಿಸಲು, ಕರೆಂಟ್ ಹೋದಾಗ ಅಲ್ಲ. ಹಾಗಾಗಿ ಬೆಲ್ಟ್‌ನ ನಡುಭಾಗದಲ್ಲೇ ಓಡುತ್ತೇನೆ. ತೀರಾ ಮುಂದೆ ಇದ್ದರೆ ಹಠಾತ್ ನಿಂತಾಗ ಎದೆ ಪ್ಯಾನೆಲ್‌ಗೆ ಬಡಿಯುತ್ತದೆ.

ಇಷ್ಟೆಲ್ಲ ಲೆಕ್ಕವನ್ನು ಕೆಡಿಸುವುದು ಸೆಕೆ. ಹೊರಗೆ ನಾವು ಮುಂದೆ ಸಾಗುತ್ತಿರುವುದರಿಂದ ಮೈಗೆ ಸದಾ ಗಾಳಿ ಬೀಸುತ್ತಿರುತ್ತದೆ. ಕೋಣೆಯಲ್ಲಿ ಅದು ಇಲ್ಲ. ಬೆವರು ಆರದೆ ಸುಮ್ನೆ ತೊಟ್ಟಿಕ್ಕುತ್ತದೆ, ಮೈ ಕಾದು ಅದೇ ಸ್ಪೀಡ್‌ನಲ್ಲೂ ಎದೆಬಡಿತ ಮೇಲೇರುತ್ತಾ ಹೋಗುತ್ತದೆ. ಒಂದೂವರೆ ಗಂಟೆಯ ಹೊತ್ತಿಗೆ ಅದು 15 ಜಾಸ್ತಿಯಾಗಿದ್ದರೆ ದೋಷ ಇನ್‌ಕ್ಲೈನ್‌ನದ್ದಲ್ಲ, ಫ್ಯಾನಿನದ್ದು. ಸೀಲಿಂಗ್ ಫ್ಯಾನ್ ಸಾಲದು. ಪೆಡೆಸ್ಟಲ್ ಫ್ಯಾನನ್ನು ಎದುರಿಗೆ, ಎದೆ ಮಟ್ಟಕ್ಕೆ, ಪೂರ್ತಿ ಸ್ಪೀಡ್‌ನಲ್ಲಿ ಇಡಬೇಕು. ಕಿಟಕಿ ತೆರೆದಿರಲಿ. ಓಟದ ಮೊದಲು ಮತ್ತು ನಂತರ ತೂಕ ನೋಡಿಕೊಂಡರೆ ಎಷ್ಟು ನೀರು ಹೋಯಿತು ಅಂತ ಗೊತ್ತಾಗುತ್ತದೆ. ಒಂದು ಕೆ.ಜಿ. ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್. ನಡುವೆ ಕುಡಿದ ನೀರನ್ನು ಅದಕ್ಕೆ ಸೇರಿಸಬೇಕು.

ಬೇಜಾರಿನ ವಿಷಯಕ್ಕೆ ಬಂದರೆ, ಅರ್ಧ ಕೆಲಸ ಆ ಸುತ್ತುಗಳೇ ಮಾಡುತ್ತವೆ. ಎಂಟು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸ್ಥಿತಿ ಇರುವುದು ಮೊದಲಲ್ಲಿ ಮತ್ತು ಕೊನೆಯಲ್ಲಿ ಮಾತ್ರ. ಏರು ಬಂದಾಗ ಮನಸ್ಸಿಗೆ "ಓ, ಕದ್ರಿ ಬಂತು" ಅಂತ ಆಗುತ್ತದೆ. ಪ್ಯಾನೆಲ್ ಮೇಲೆ ಬೈರಾಸು ಹೊದಿಸುತ್ತೇನೆ. ಗುಂಡಿಗಳು ಮಾತ್ರ ಕಾಣಬೇಕು, ದೂರದ ಅಂಕಿ ಬೇಡ. ಹತ್ತು ಹತ್ತು ಮೀಟರ್ ಏರುವ ಅಂಕಿಯನ್ನು ನೋಡುತ್ತಾ 18 ಕಿ.ಮೀ. ಓಡುವಷ್ಟು ತಾಳ್ಮೆ ನನಗಿಲ್ಲ. ಸಮಯ ವಾಚು ಕಂಪಿಸಿ ಹೇಳುತ್ತದೆ.

ಉಳಿದರ್ಧಕ್ಕೆ ತಾಳಮದ್ದಳೆ. ವಿಡಿಯೋ ನನಗೆ ಆಗಿಬರುವುದಿಲ್ಲ. ಫೋನು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಕತ್ತು ಬಗ್ಗುತ್ತದೆ, ಪಕ್ಕಕ್ಕಿದ್ದರೆ ಕಾಲು ಬೆಲ್ಟ್ ಅಂಚಿಗೆ ಸರಿಯುತ್ತದೆ. ಹಾಡು ಹಾಕಿದರೆ ನಾಲ್ಕೈದು ನಿಮಿಷಕ್ಕೊಮ್ಮೆ ಮುಗಿದು ಸಮಯದ ನೆನಪು ತರುತ್ತದೆ. ತಾಳಮದ್ದಳೆ ಹಾಗಲ್ಲ. ಒಂದು ಪ್ರಸಂಗ ಗಂಟೆಗಟ್ಟಲೆ ನಡೆಯುತ್ತದೆ. ಕೃಷ್ಣಸಂಧಾನದಲ್ಲಿ ಕೌರವ ಒಂದು ಮಾತು ಎಸೆದರೆ ಕೃಷ್ಣ ಅದಕ್ಕೆ ಏನು ಹೇಳುತ್ತಾನೆ ಅಂತ ಕಾಯುವಷ್ಟರಲ್ಲಿ ಒಂದು ಏರು ದಾಟಿರುತ್ತದೆ. ಅರ್ಥಧಾರಿಗಳ ವಾದಕ್ಕೆ ತಾಳವಿಲ್ಲ, ಆದ್ದರಿಂದ ಹೆಜ್ಜೆಯ ಲಯವನ್ನೂ ಅದು ಎಳೆಯುವುದಿಲ್ಲ. ಭಾಗವತರ ಪದ್ಯ, ಮದ್ದಳೆ ಬಂದಾಗ ಮಾತ್ರ ಕಾಲು ತಾನಾಗಿ ಚುರುಕಾಗುತ್ತದೆ. ಬೆಲ್ಟಿನ ಸ್ಪೀಡ್ ಬದಲಾಗದ್ದರಿಂದ ಹೆಜ್ಜೆ ಸಣ್ಣದಾಗುತ್ತದೆ ಅಷ್ಟೆ, ಏರಿನಲ್ಲಿ ಅದು ಒಳ್ಳೆಯದೇ. ಒಂದೇ ನಿಯಮ: ಆ ಪ್ರಸಂಗವನ್ನು ಬೇರೆ ಹೊತ್ತಿನಲ್ಲಿ ಕೇಳುವ ಹಾಗಿಲ್ಲ. ಮುಂದಿನ ಭಾಗ ಬೇಕಿದ್ದರೆ ಭಾನುವಾರ ಬೆಲ್ಟ್ ಹತ್ತಬೇಕು.

ಈ ವ್ಯವಸ್ಥೆಯಿಂದ ಸಿಗದ್ದು ಇಳಿಜಾರು. ಕೆಳಮುಖವಾಗಿ ವಾಲುವ ಟ್ರೆಡ್‌ಮಿಲ್‌ಗಳು ಕಡಿಮೆ, ನನ್ನದರಲ್ಲಂತೂ ಇಲ್ಲ. ಸೊನ್ನೆಯಲ್ಲಿ ಸ್ಪೀಡ್ ಏರಿಸಿದರೆ ಕಾಲು ಬೇಗ ತಿರುಗುವುದು ಅಭ್ಯಾಸವಾಗುತ್ತದೆ, ಆದರೆ ಇಳಿಯುವಾಗ ತೊಡೆಯ ಮುಂಭಾಗ ಬ್ರೇಕ್ ಹಾಕುವ ಕೆಲಸ ಅಲ್ಲಿ ಇರುವುದಿಲ್ಲ. ಮೂರು ತಿಂಗಳು ಬೆಲ್ಟ್ ಮೇಲೆಯೇ ಓಡಿ ನೇರ ರಸ್ತೆಗಿಳಿದರೆ, ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹೇಳುತ್ತದೆ. ಅದಕ್ಕೆ ವಾರದ ಮಧ್ಯೆ ಮಳೆ ಒಂದರ್ಧ ಗಂಟೆ ಬಿಟ್ಟರೂ ಹೊರಗೆ ಹೋಗಿ, ಏರನ್ನು ನಡೆದು ಹತ್ತಿ, ನಾಲ್ಕೈದು ಸಲ ಓಡಿ ಇಳಿದು ಬರುತ್ತೇನೆ. ಡಾಂಬರಿನ ಮೇಲೆ ಪಾಚಿ ಇರುವ ಅಂಚು ಬಿಟ್ಟು, ನಡುರಸ್ತೆಯ ಕಡೆಗೆ, ಸಣ್ಣ ಹೆಜ್ಜೆಯಲ್ಲಿ.